ವಿಜ್ಞಾನ ವಸ್ತುಪ್ರದರ್ಶನಕ್ಕ ನಿವೃತ್ತ ವಿಜ್ಞಾನಿಗಳನ್ನ ಕರಿಯೋದದ, ಪತ್ರ ಹ್ಯಾಂಗ ಬರೀಬೇಕು?

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ, 1928ರಾಗ ಅದೇ ದಿನ ಸಿ.ವಿ. ರಾಮನ್ ಅವರು ರಾಮನ್ ಪರಿಣಾಮದ ಸುದ್ದಿ ಹೊರಗ ಹಾಕಿದ್ರು. ಆ ದಿನಕ್ಕ ಪ್ರದರ್ಶನ ಇಟ್ಟು ದೊಡ್ಡ ವಿಜ್ಞಾನಿ ಒಬ್ರನ್ನ ಅಧ್ಯಕ್ಷರಾಗಿ ಕರಿಯೋಣ ಅಂತ ಸ್ಟಾಫ್ ಮೀಟಿಂಗ್‌ದಾಗ ಠರಾವ್ ಆಗಿಬಿಡ್ತದ, ಆಮ್ಯಾಲ ಪತ್ರ ಬರಿಯೋ ಕೆಲಸ ಸೈನ್ಸ್ ಟೀಚರ್ ತಲಿ ಮ್ಯಾಲ ಬೀಳ್ತದ. ಒಂದು ಉದಾಹರಣೆ ಇಟ್ಕೊಂಡು ನೋಡೋಣ. ಸೇಡಂ ತಾಲ್ಲೂಕಿನ ಒಂದು ಹೈಸ್ಕೂಲ್ ಅದ ಅನ್ಕೊಳ್ರಿ, ಕರೀಬೇಕಾದವರು ಪಟಾಂಚೆರುವಿನ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆದಾಗ ತೊಗರಿ ನೆಟೆ ರೋಗದ ಮ್ಯಾಲ ಕೆಲಸ ಮಾಡಿ ರಿಟೈರ್ ಆಗಿ ಈಗ ಹೈದರಾಬಾದ್‌ದಾಗ ಇರೋರು.

ಪೆನ್ ಹಿಡಿಯೋ ಮುಂಚೆ ಸ್ಟೇಜ್ ಮ್ಯಾಲ ಯಾರ್ಯಾರು ಕೂಡ್ತಾರ ಅನ್ನೋದು ಪಕ್ಕಾ ಮಾಡ್ಕೊಳ್ರಿ. ಸರ್ಕಾರಿ ಶಾಲಿ ಕಾರ್ಯಕ್ರಮಕ್ಕ ಶಾಸಕರನ್ನ ಕರದ್ರ ಶಿಷ್ಟಾಚಾರದ ಪ್ರಕಾರ ಅಧ್ಯಕ್ಷತೆ ಸಾಮಾನ್ಯವಾಗಿ ಅವರಿಗೇ ಹೋಗ್ತದ. ವಿಜ್ಞಾನಿಗಳಿಗೆ ಅಧ್ಯಕ್ಷತೆ ಅಂತ ಪತ್ರ ಕಳ್ಸಿ, ಆಮ್ಯಾಲ ಕಾರ್ಡ್‌ದಾಗ ಮುಖ್ಯ ಅತಿಥಿ ಅಂತ ಹಾಕಿದ್ರ ಅವರು ಬಾಯಿ ಬಿಟ್ಟು ಏನೂ ಅನ್ನಂಗಿಲ್ಲ, ಆದ್ರ ಮುಂದಿನ ಸಲ ಫೋನ್ ಎತ್ತಂಗಿಲ್ಲ. ಅದಕ್ಕ ಹೆಡ್ಮಾಸ್ಟರ್ ಮೊದ್ಲು ಬಿಇಒ ಆಫೀಸಿಗೆ ಒಂದ್ ಮಾತು ಕೇಳ್ಲಿ, ಎಸ್‌ಡಿಎಂಸಿ ಅಧ್ಯಕ್ಷರಿಗೂ ಹೇಳ್ಲಿ. ಶಾಸಕರು ಬರೋ ಹಾಂಗಿದ್ರ ವಿಜ್ಞಾನಿಗಳಿಗೆ ಉದ್ಘಾಟನೆ ಕೊಡ್ರಿ, ಇಲ್ಲಂದ್ರ ಅಧ್ಯಕ್ಷತೆಗೆ ಧೈರ್ಯವಾಗಿ ಕರೀರಿ.

ಅಧ್ಯಕ್ಷರು ಅಂದ್ರ ಸುರುವಿಂದ ವಂದನಾರ್ಪಣಿ ತನಕ ಸ್ಟೇಜ್ ಮ್ಯಾಲ ಕೂಡ್ಬೇಕು, ಎಲ್ರ ಭಾಷಣ ಮುಗಿದ ಮ್ಯಾಲ ಅವರ ಪಾಳಿ. ಎಪ್ಪತ್ತು ದಾಟಿದವರನ್ನ ನಮ್ ಬಿಸಿಲಾಗ ಶಾಮಿಯಾನದ ಕೆಳಗ ಮೂರು ತಾಸು ಕೂಡ್ಸಿ ಕೊನಿಗೆ ‘ಸರ್, ಟೈಮ್ ಆಗ್ಯದ, ಎರಡೇ ನಿಮಿಷ’ ಅನ್ನೋದು ಚಂದ ಅಲ್ಲ. ಮಕ್ಕಳ ಮಾಡೆಲ್ ನೋಡೋದು ಮೊದ್ಲಿಗೇ ಇಟ್ಬಿಡ್ರಿ, ಸ್ಟೇಜ್ ಆಮ್ಯಾಲ. ಮಾಡೆಲ್ ನೋಡಿ ಬಂದ್ರ ಭಾಷಣಕ್ಕೂ ಅವರಿಗೆ ವಿಷಯ ಸಿಗ್ತದ. ಇನ್ನ ಅವರನ್ನೇ ಜಡ್ಜ್ ಮಾಡೋದು ಬ್ಯಾಡ, ಬಹುಮಾನ ಕೊಡೋ ಕೈಯಿಂದನೇ ಮಾರ್ಕ್ಸ್ ಹಾಕ್ಸಿದ್ರ ಪಾಲಕರ ತಕರಾರು ಅವರ ತನಕ ಹೋಗ್ತದ.

ಮುಂದ ಫೋನ್. ಪತ್ರಕ್ಕಿಂತ ಮೊದ್ಲು ಒಂದ್ ಸಲ ಮಾತಾಡಿ ಆ ದಿನ ಖಾಲಿ ಇದ್ದಾರೇನು ಅಂತ ಕೇಳ್ರಿ, ಹಂಗೇ ಹೆಸರು ಕನ್ನಡದಾಗ ಹ್ಯಾಂಗ ಬರೀತೀರಿ ಸರ್, ಇನಿಷಿಯಲ್ ಮುಂದನೋ ಹಿಂದನೋ, ರಿಟೈರ್ ಆಗೋವಾಗ ಹುದ್ದೆ ಏನಿತ್ತು, ಇಷ್ಟು ಅವರ ಬಾಯಿಂದನೇ ಬರ್ಕೊಳ್ರಿ. ಪ್ರಧಾನ ವಿಜ್ಞಾನಿ ಇದ್ದವರಿಗೆ ಸುಮ್ನ ವಿಜ್ಞಾನಿ ಅಂತ ಹಾಕಿದ್ರ ಬ್ಯಾನರ್ ತನಕ ಅದೇ ತಪ್ಪು ಹೋಗ್ತದ, ಯಾಕಂದ್ರ ಪ್ರಿಂಟಿಂಗ್ ಪ್ರೆಸ್‌ನವರು ಪತ್ರದ ಫೋಟೋ ನೋಡೇ ಟೈಪ್ ಮಾಡೋದು.

ಪತ್ರ ಶಾಲಿ ಲೆಟರ್‌ಹೆಡ್ ಮ್ಯಾಲ, ಜಾವಕ ಸಂಖ್ಯೆ ಹಾಕಿ, ಹೆಡ್ಮಾಸ್ಟರ್ ಸಹಿ ಮತ್ತ ಸೀಲ್ ಸಮೇತ ಹೋಗ್ಬೇಕು, ಟೀಚರ್ ಸಹಿ ನಡಿಯಂಗಿಲ್ಲ. ಕಾರ್ಯಕ್ರಮಕ್ಕ ಒಂದು ತಿಂಗಳಾದ್ರೂ ಮುಂಚೆ ಕಳ್ಸ್ರಿ. ಪತ್ರದಾಗ ಕಷ್ಟ ಆಗೋದು ಒಂದೇ ಪ್ಯಾರಾ, ಇವರನ್ನೇ ಯಾಕ ಕರೀತಿದೀವಿ ಅನ್ನೋದು. ‘ಖ್ಯಾತ ವಿಜ್ಞಾನಿಗಳಾದ ತಾವು ನಾಡಿಗೆ ಸಲ್ಲಿಸಿದ ಅಪಾರ ಸೇವೆ’ ಅಂತ ಎಲ್ರೂ ಬರೀತಾರ, ಅದನ್ನ ಯಾರಿಗೆ ಬೇಕಾದ್ರೂ ಕಳಿಸ್ಬಹುದು. ಅದ್ರ ಬದ್ಲಿ ಅವರ ಕೆಲಸಕ್ಕೂ ನಿಮ್ಮ ಹುಡುಗರ ಮಾಡೆಲ್‌ಗೂ ಎಲ್ಲಿ ಕೊಂಡಿ ಅದ ಹುಡ್ಕ್ರಿ. ನಮ್ ಉದಾಹರಣೆದಾಗ ಅದು ಹೊಲದಾಗೇ ಸಿಗ್ತದ. ನೆಟೆ ಬಂದ ತೊಗರಿ ಗಿಡದ ಕಾಂಡ ಉದ್ದಕ್ಕ ಸೀಳಿ ನೋಡ್ರಿ, ತೊಗಟಿ ಒಳಗ ಕಂದು-ಕರಿ ಗೆರಿ ಕಾಣ್ತಾವ, ನೆಲದಾಗಿನ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರೋ ದಾರಿನೇ ಬಂದ್ ಮಾಡಿದ ಗುರ್ತು ಅದು. ಚಲೋ ಗಿಡ ಸೀಳಿದ್ರ ಒಳಗ ಬೆಳ್ಳಗಿರ್ತದ. ಒಂಬತ್ತನೇತ್ತ ಹುಡುಗರು ಇವೆರಡನ್ನೂ ಪಕ್ಕಪಕ್ಕ ಇಟ್ಟು ತೋರಿಸ್ತಾರ ಅಂತ ಪತ್ರದಾಗ ಬರದ್ರ ಆ ಕೆಲಸದಾಗೇ ಜೀವನ ಕಳೆದವರಿಗೆ ಬಂದು ನೋಡ್ಬೇಕು ಅನಿಸ್ತದ. (ಫೆಬ್ರವರಿಗೆ ರಾಶಿ ಮುಗಿದಿರ್ತದ, ಕಟ್ಟಿಗಿ ಒಲಿಗೆ ಹೋಗೋ ಮುಂಚೆನೇ ನಾಲ್ಕು ತೆಗೆದಿಡ್ರಿ.)

ಇಷ್ಟಾದ ಮ್ಯಾಲ ಪತ್ರ ಹಿಂಗ ಬರ್ತದ. ನಾವು ಮಾತಾಡೋ ಭಾಷಿ ಇಲ್ಲಿ ಬ್ಯಾಡ, ಪತ್ರಕ್ಕ ಗ್ರಂಥದ ಕನ್ನಡನೇ ಇರ್ಲಿ:

ಜಾ.ಸಂ.: ____   ದಿನಾಂಕ: 24-01-2026

ಇವರಿಂದ,
ಮುಖ್ಯೋಪಾಧ್ಯಾಯರು, (ಶಾಲೆಯ ಹೆಸರು, ಊರು), ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ

ಇವರಿಗೆ,
ಡಾ. (ಹೆಸರು), ನಿವೃತ್ತ ಪ್ರಧಾನ ವಿಜ್ಞಾನಿಗಳು, ಇಕ್ರಿಸ್ಯಾಟ್, (ಮನೆಯ ವಿಳಾಸ), ಹೈದರಾಬಾದ್

ಮಾನ್ಯರೇ,

ವಿಷಯ: ದಿನಾಂಕ 28-02-2026ರ ಶಾಲಾ ವಿಜ್ಞಾನ ವಸ್ತುಪ್ರದರ್ಶನದ ಅಧ್ಯಕ್ಷತೆ ವಹಿಸಲು ಕೋರಿ.
ಉಲ್ಲೇಖ: ತಮ್ಮೊಂದಿಗೆ ದಿನಾಂಕ 20-01-2026ರಂದು ನಡೆಸಿದ ದೂರವಾಣಿ ಮಾತುಕತೆ.

ರಾಷ್ಟ್ರೀಯ ವಿಜ್ಞಾನ ದಿನದ ಅಂಗವಾಗಿ ನಮ್ಮ ಶಾಲೆಯಲ್ಲಿ 28-02-2026, ಶನಿವಾರ ಬೆಳಿಗ್ಗೆ 10 ಗಂಟೆಗೆ ವಿಜ್ಞಾನ ವಸ್ತುಪ್ರದರ್ಶನ ಏರ್ಪಡಿಸಲಾಗಿದೆ.

ತೊಗರಿಯ ನೆಟೆ ರೋಗದ ಕುರಿತು ತಾವು ಮಾಡಿದ ಕೆಲಸ ನಮ್ಮ ಭಾಗದ ರೈತರ ಹೊಲಕ್ಕೆ ನೇರವಾಗಿ ಸಂಬಂಧಿಸಿದ್ದು. ನಮ್ಮ 9ನೇ ತರಗತಿಯ ವಿದ್ಯಾರ್ಥಿಗಳು ಇದೇ ರೋಗದ ಬಗ್ಗೆ ತಮ್ಮ ಹೊಲಗಳಿಂದ ತಂದ ಗಿಡಗಳನ್ನು ಪ್ರದರ್ಶನಕ್ಕಿಡುತ್ತಿದ್ದಾರೆ. ತಾವು ಅವನ್ನು ನೋಡಿ ಮಕ್ಕಳೊಂದಿಗೆ ಮಾತನಾಡಬೇಕೆಂಬುದು ನಮ್ಮ ಬಯಕೆ.

ತಾವು 10ರಿಂದ 11ರವರೆಗೆ ಮಾದರಿಗಳನ್ನು ವೀಕ್ಷಿಸಿ, ನಂತರ ಸಭೆಯ ಅಧ್ಯಕ್ಷತೆ ವಹಿಸಿ, ಸುಮಾರು 20 ನಿಮಿಷ ಕನ್ನಡದಲ್ಲಿ ಮಾತನಾಡಿ, ಬಹುಮಾನ ವಿತರಿಸಬೇಕೆಂದು ಕೋರುತ್ತೇವೆ. ಕಾರ್ಯಕ್ರಮ 12.30ಕ್ಕೆ ಮುಗಿಯುತ್ತದೆ.

ತಮ್ಮ ಪ್ರಯಾಣ ವೆಚ್ಚವನ್ನು ಶಾಲೆಯೇ ಭರಿಸುತ್ತದೆ. ಸೇಡಂ ರೈಲು ನಿಲ್ದಾಣದಿಂದ ಶಾಲೆಗೆ ವಾಹನದ ವ್ಯವಸ್ಥೆ ಇರುತ್ತದೆ. ತಮ್ಮ ಒಪ್ಪಿಗೆಯನ್ನು 05-02-2026ರೊಳಗೆ ತಿಳಿಸಿದರೆ ಆಮಂತ್ರಣ ಪತ್ರಿಕೆ ಮುದ್ರಿಸಲು ಅನುಕೂಲವಾಗುತ್ತದೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
(ಸಹಿ, ಸೀಲ್)
ಸಂಪರ್ಕ: (ವಿಜ್ಞಾನ ಶಿಕ್ಷಕರ ಹೆಸರು, ಮೊಬೈಲ್)

ತಾರೀಖು ಮತ್ತ ವಾರ ಎರಡೂ ಬರೀರಿ, ಕ್ಯಾಲೆಂಡರ್ ನೋಡಿ ತಾಳಿ ಆಗ್ತಾವೇನು ಅಂತ ಚೆಕ್ ಮಾಡ್ರಿ. ಹತ್ತನೇತ್ತ ಪ್ರಿಪರೇಟರಿ ಎಕ್ಸಾಂ ಆ ದಿನಕ್ಕ ಬೀಳಂಗಿಲ್ಲಲ್ಲ, ಅದನ್ನೂ ನೋಡ್ರಿ. ರೊಕ್ಕದ ಮಾತು ಬರಿಯೋಕ ನಾಚ್ಕೋಬ್ಯಾಡ್ರಿ, ಅವರಾಗಿ ಕೇಳಂಗಿಲ್ಲ, ಬರೀಲಿಲ್ಲಂದ್ರ ಕೈಯಿಂದ ಟಿಕೆಟ್ ತಗೊಂಡು ಬಂದು ಸುಮ್ನ ಹೋಗ್ತಾರ. ಶಾಲು, ಹಾರದ ಖರ್ಚು ಒಂಚೂರು ಕಮ್ಮಿ ಮಾಡಿದ್ರ ಕಾರಿನ ಬಾಡಿಗಿ ಬರ್ತದ.

ಪತ್ರ ಸ್ಪೀಡ್ ಪೋಸ್ಟ್‌ದಾಗ ಹಾಕ್ರಿ, ಸಹಿ ಆದ ಪತ್ರದ ಪಿಡಿಎಫ್ ವಾಟ್ಸಾಪ್‌ಗೂ ಕಳ್ಸ್ರಿ. ಒಪ್ಪಿಗಿ ಎರಡು ಲೈನ್ ಮೆಸೇಜ್ ಆದ್ರೂ ಸಾಕು, ಆದ್ರ ಬರಹದಾಗ ಇರ್ಬೇಕು, ಫೋನ್‌ದಾಗ ‘ನೋಡೋಣ’ ಅಂದಿದ್ದನ್ನ ಹೂಂ ಅಂತ ತಿಳ್ಕೊಂಡು ಕಾರ್ಡ್ ಹಾಕಿಸ್ಬ್ಯಾಡ್ರಿ. ಕಾರ್ಡಿನ ಪ್ರೂಫ್ ಅವರಿಗೊಮ್ಮೆ ತೋರ್ಸಿ ಹೆಸರು, ಹುದ್ದೆ ಸರಿ ಅದ ಅಂದ ಮ್ಯಾಲನೇ ಪ್ರೆಸ್‌ಗೆ ಹೇಳ್ರಿ. ಅವರಿಗೆ ಬರಾಕ ಆಗಂಗಿಲ್ಲಂದ್ರ ಬ್ಯಾರೆಯವರ ಹೆಸರು ಹೇಳ್ರಿ ಸರ್ ಅಂತ ಕೇಳ್ಬಹುದು, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಾಗ ತೊಗರಿ ಮ್ಯಾಲ ಕೆಲಸ ಮಾಡಿ ನಿವೃತ್ತರಾದ ಗುರ್ತಿನವರು ಅವರಿಗೆ ಇದ್ದೇ ಇರ್ತಾರ. ಆಗ ಹಳೆ ಪತ್ರದಾಗ ಹೆಸರಷ್ಟೇ ಬದ್ಲಿ ಮಾಡಿ ಕಳಿಸ್ಬ್ಯಾಡ್ರಿ, ಎರಡನೇ ಪ್ಯಾರಾ ಹೊಸದಾಗಿ ಬರೀಬೇಕಾಗ್ತದ.