ಅತಿಥಿ ಘಾಟಿಯಲ್ಲಿ, ಮೈಕ್ ನನ್ನ ಕೈಯಲ್ಲಿ

ತೀರ್ಥಹಳ್ಳಿಯಲ್ಲಿ ನಮ್ಮ ಬೀದಿಯ ಗಣೇಶೋತ್ಸವ. ಸಂಜೆ ಆರಕ್ಕೆ ಸಭೆ, ಆಮೇಲೆ ಭಾವಗೀತೆ, ಮಕ್ಕಳ ಕೋಲಾಟ, ಡೊಳ್ಳು, ಕೊನೆಗೆ ಯಕ್ಷಗಾನ. ಮುಖ್ಯ ಅತಿಥಿಗಳು ಉಡುಪಿಯಿಂದ ಬರಬೇಕಿತ್ತು. ಐದೂ ಮುಕ್ಕಾಲಿಗೆ ಅವರ ಚಾಲಕನ ಫೋನು: "ಸೋಮೇಶ್ವರದಲ್ಲಿದ್ದೇವೆ ಮೇಡಂ, ಘಾಟಿ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿದೆಯಂತೆ." ಆಗುಂಬೆ ತಿರುವಿನಲ್ಲಿ ಒಂದು ಗಾಡಿ ನಿಂತರೆ ಎರಡೂ ಕಡೆ ನಿಂತಂತೆ. ದಾರಿ ತೆರವಾದ ಮೇಲೂ ಇಲ್ಲಿಗೆ ಒಂದು ಗಂಟೆ ಬೇಕು.

ಹಿಂದಿನ ವರ್ಷ ಇಂಥದ್ದೇ ಹೊತ್ತಿನಲ್ಲಿ "ಇನ್ನು ಹತ್ತೇ ನಿಮಿಷ" ಎಂದು ಮೂರು ಸಲ ಹೇಳಿದ್ದೆ. ಮೂರನೇ ಸಲಕ್ಕೆ ಹಿಂದಿನ ಕುರ್ಚಿಗಳು ಖಾಲಿಯಾಗಿದ್ದವು. ಈ ಸಲ ಸಮಯ ಹೇಳುವುದೇ ಬೇಡ ಎಂದುಕೊಂಡೆ.

ಯಾವುದನ್ನು ಮುಂದಕ್ಕೆ ತರುವುದು? ಯಕ್ಷಗಾನದವರು ಬಣ್ಣಕ್ಕೆ ಆಗಷ್ಟೇ ಕೂತಿದ್ದರು. ಮಳೆಯ ತಂಪಿಗೆ ಡೊಳ್ಳಿನ ಚರ್ಮ ಸಡಿಲಾಗಿತ್ತು, ಬೆಂಕಿಗೆ ಕಾಯಿಸದೆ ನಾದ ಏಳುವುದಿಲ್ಲ. ಭಾವಗೀತೆಯವರ ಹಾರ್ಮೋನಿಯಂ, ತಬಲ ಆಗಲೇ ವೇದಿಕೆಯಲ್ಲಿದ್ದವು. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಹಾಡುಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಗಾಯಕಿಯ ಹತ್ತಿರ ಹೋಗಿ, "ಅಕ್ಕಾ, ಪ್ರತಿ ಹಾಡು ಮುಗಿದ ಮೇಲೆ ನನ್ನ ಕಡೆ ಒಮ್ಮೆ ನೋಡಿ. ನಾನು ಕೈ ಮುಗಿದರೆ ಅಲ್ಲಿಗೆ ಸಾಕು," ಎಂದೆ. "ಹಾಡಿನ ಮಧ್ಯೆ ಮಾತ್ರ ಮುಗಿಯಬೇಡ ಮಾರಾಯ್ತಿ," ಎಂದರು. ಒಪ್ಪಿಕೊಂಡೆ.

ಅಧ್ಯಕ್ಷರಿಗೂ ಧ್ವನಿವರ್ಧಕದ ಹುಡುಗನಿಗೂ ಹೇಳಿ, ಮೈಕ್ ಹಿಡಿದೆ:

"ಎಲ್ಲರಿಗೂ ನಮಸ್ಕಾರ. ನಮ್ಮ ಮುಖ್ಯ ಅತಿಥಿಗಳು ಆಗುಂಬೆ ಘಾಟಿ ತೆರವಾಗಲೆಂದು ಕಾಯುತ್ತಿದ್ದಾರೆ. ದೀಪ ಬೆಳಗುವುದು ಮತ್ತು ಸಭೆ ಅವರು ಬಂದ ಮೇಲೆ. ಈಗ ಪ್ರಾರ್ಥನೆ, ಅದರ ಬೆನ್ನಿಗೇ ಭಾವಗೀತೆ, ನಂತರ ಕೋಲಾಟ. ಕೋಲಾಟದ ಮಕ್ಕಳು ವೇದಿಕೆಯ ಎಡಬದಿಗೆ ಬನ್ನಿ. ಡೊಳ್ಳು, ಯಕ್ಷಗಾನ ಎರಡೂ ಇವೆ, ಸಭೆಯ ನಂತರ."

ಕೊನೆಯ ವಾಕ್ಯವನ್ನು ಬೇಕೆಂದೇ ಸೇರಿಸಿದ್ದು. ಯಕ್ಷಗಾನಕ್ಕೆಂದೇ ಹಳ್ಳಿಗಳಿಂದ ಬಂದವರು ಅದು ರದ್ದಾಯಿತೇನೋ ಎಂದು ಎದ್ದು ಹೋಗಬಾರದು. ಪ್ರಾರ್ಥನೆಯನ್ನು ತಡೆಹಿಡಿಯಲು ಮನಸ್ಸು ಬರಲಿಲ್ಲ, ಅದಿಲ್ಲದೆ ಶುರುಮಾಡಿದರೆ ಹಿರಿಯರಿಗೆ ಹಿಡಿಸುವುದಿಲ್ಲ. ನಾಡಗೀತೆಯನ್ನು ಮಾತ್ರ ಸಭೆಗೆ ಉಳಿಸಿಕೊಂಡೆ.

ಕೋಲಾಟ ಮುಗಿದು, ಗಾಯಕಿ ಮತ್ತೆ ಬಂದು ಎರಡನೇ ಹಾಡಿನಲ್ಲಿದ್ದಾಗ ಅತಿಥಿಗಳ ಕಾರು ಬಂತು. ಹಾಡು ಮುಗಿಯುವವರೆಗೆ ಅವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಆಮೇಲೆ ಕೈ ಮುಗಿದೆ. ಸಭೆ ಸಲೀಸಾಗಿ ನಡೆಯಿತು.

ಒಂದು ಮಾತ್ರ ತಪ್ಪಿತು. ಕೋಲಾಟದ ಹುಡುಗಿಯೊಬ್ಬಳ ತಂದೆ ಆಮಂತ್ರಣದಲ್ಲಿದ್ದ ಸಮಯ ನಂಬಿ, ಅಂಗಡಿ ಮುಚ್ಚಿ ಏಳೂವರೆಗೆ ಬಂದರು. ಮಗಳ ಕುಣಿತ ಆಗಿಹೋಗಿತ್ತು. ಅವರು ಏನೂ ಅನ್ನಲಿಲ್ಲ, ಆದರೆ ಆ ಮುಖ ನನಗೆ ಮರೆಯುವುದಿಲ್ಲ. ಡೊಳ್ಳಿನ ನಂತರ ಮಕ್ಕಳಿಂದ ಇನ್ನೊಮ್ಮೆ ಒಂದು ಸುತ್ತು ಕೋಲಾಟ ಆಡಿಸಿದೆವು. ಈಗ ಕ್ರಮ ಬದಲಿಸುವುದಿದ್ದರೆ ಮೈಕ್ ಮುಟ್ಟುವ ಮೊದಲು ಮಕ್ಕಳ ಟೀಚರಿಂದ ಪಾಲಕರ ವಾಟ್ಸಾಪ್ ಗುಂಪಿಗೆ ಹೊಸ ಸರದಿ ಹಾಕಿಸುತ್ತೇನೆ.