ಉಮ್ರಾ-ಹಜ್‌ಗೆ ಹೋಗೋ ನಮ್ ಮಂದಿಗೆ ಕನ್ನಡ-ಅರಬಿ ಕಾರ್ಡ್: ನಾ ಮಾಡಿದ್ದು ಹೆಂಗೆ

ಅಲ್ಲಿ ಬೇಕಾಗೋ ಅರಬಿ ಮಾತನ್ನ ಕನ್ನಡದ ಜೊತೆ ಬರೆದ ಕಾರ್ಡ್ ಇದು. ಮೂರು ವರ್ಷ ಹಿಡೀತು, ಎರಡು ಸಲ ದುಡ್ಡು ನೀರಿಗೆ ಹೋಯ್ತು, ಮೂರನೇ ಸಲ ಕೆಲಸ ಆಯ್ತು. "ಉರ್ದು ಬಂದ್ರೆ ಸಾಕಲ್ರೀ, ಅಲ್ಲಿ ರೂಮ್ ಬಾಯ್ ಎಲ್ಲಾ ಬಂಗಾಳಿ, ಟ್ಯಾಕ್ಸಿಯವ್ರು ಪಾಕಿಸ್ತಾನಿ, ಕಾರ್ಡ್ ಯಾರಿಗೆ ಬೇಕು" ಅಂದ ಟೂರ್‌ನವರೇ ಈಗ ಸೀಸನ್‌ಗೆ ಮೊದಲು ಫೋನ್ ಮಾಡಿ ಎಷ್ಟು ಪೀಸ್ ಸಿಗುತ್ತೆ ಅಂತ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ನಂದು ಗದಗ ಕಡೆ ಒಂದು ಚಿಕ್ಕ ಡಿಟಿಪಿ ಅಂಗಡಿ. ಮನೇಲಿ ನಾವು ಕನ್ನಡ ಆಡೋರು, ನದಾಫರು. ನಮ್ ಹಳ್ಳಿಗಳ ಹಿರಿಯರಿಗೆ ಉರ್ದು ಅಂದ್ರೆ ಮಸೀದಿ ಬಯಾನ್‌ನಲ್ಲಿ ಕೇಳಿದ್ದಷ್ಟೇ, ತಿರುಗಿ ಮಾತಾಡೋಕೆ ಬರಲ್ಲ. ಉರ್ದು ಸಾಕು ಅನ್ನೋರು ಇದನ್ನ ಯೋಚನೆನೇ ಮಾಡಿರಲ್ಲ. ಇನ್ನೊಂದು, ರೂಮ್ ಬಾಯ್ ಹತ್ರ ಉರ್ದು ನಡೆಯುತ್ತೆ ನಿಜ, ಆದ್ರೆ ಹರಮ್ ಗೇಟ್ ಹತ್ರ ನಿಂತ ಪೊಲೀಸ್, ಹೆಂಗಸರ ಕಡೆ ಇರೋ ಬುರ್ಖಾ ಹಾಕಿದ ಸೆಕ್ಯುರಿಟಿ ತಾಯಿ, ಬಸ್ ಸ್ಟಾಂಡ್‌ನಲ್ಲಿ ಲೈನ್ ಬಿಡೋನು, ಪಕ್ಕದಲ್ಲಿ ನಮಾಜ್‌ಗೆ ಕೂತ ಮನುಷ್ಯ, ಇವರಲ್ಲಿ ಬಹಳ ಮಂದಿ ಅರಬಿಯೋರು. ಕಷ್ಟ ಬಂದಾಗ ಎದುರಿಗೆ ಸಿಗೋರು ಇವರೇ.

ಮೊದಲನೇ ಸಲ ಪುಸ್ತಕ ಮಾಡಿದ್ದೆ. 24 ಪುಟ, ನೂರಾ ನಲವತ್ತು ವಾಕ್ಯ ಇರಬೇಕು, ಕನ್ನಡ ಅರ್ಥ, ಕನ್ನಡ ಅಕ್ಷರದಲ್ಲಿ ಅರಬಿ ಉಚ್ಚಾರ, ಪಕ್ಕದಲ್ಲಿ ಅರಬಿ ಲಿಪಿ. 500 ಪ್ರತಿಗೆ ಹದಿನಾಲ್ಕು ಸಾವಿರದ ಹತ್ರ ಬಿತ್ತು. ಅರಬಿ ಟೈಪ್ ಮಾಡಿ ಪೇಜ್‌ಮೇಕರ್‌ಗೆ ಪೇಸ್ಟ್ ಮಾಡಿದ್ದೆ, ನಿಮಗೆ ಗೊತ್ತಲ್ಲ ಏನಾಗುತ್ತೆ ಅಂತ, ಅಕ್ಷರ ಒಂದಕ್ಕೊಂದು ಕೂಡದೆ ಬಿಡಿ ಬಿಡಿ ನಿಂತು, ಎಡದಿಂದ ಬಲಕ್ಕೆ ಉಲ್ಟಾ ಬಂದವು. ನನಗೆ ಅವು ಅರಬಿ ತರನೇ ಕಂಡವು, ಪ್ರಿಂಟ್‌ಗೆ ಬಿಟ್ಟೆ. ಮಸೀದಿಲಿ ಕುರಾನ್ ಓದೋ ಹುಡುಗನೊಬ್ಬ ನೋಡಿ "ಚಾಚಾ ಇದು ಓದೋಕೇ ಬರಲ್ಲ" ಅಂದ. ಐನೂರೂ ರದ್ದಿಗೆ ಹೋದವು. ಈಗ ಅರಬಿ ಭಾಗ ಬೇರೆ ಸಾಫ್ಟ್‌ವೇರ್‌ನಲ್ಲಿ ಬಲದಿಂದ ಎಡಕ್ಕೆ ಸೆಟ್ ಮಾಡಿ, ಪಿಡಿಎಫ್ ತೆಗೆದು, ಚಿತ್ರದ ತರ ಕೂರಿಸ್ತೀನಿ, ಆಮೇಲೆ ಅದನ್ನ ಮುಟ್ಟೋದೇ ಇಲ್ಲ. ನಿಮಗೂ ಅರಬಿ ಬರದಿದ್ರೆ ಪ್ರಿಂಟ್‌ಗೆ ಮೊದಲು ಕುರಾನ್ ಓದೋ ಯಾವ ಮಗುಗಾದ್ರೂ ತೋರಿಸಿ, ಅರ್ಥ ಆಗದಿದ್ರೂ ಅಕ್ಷರ ಒಡೆದಿದೆಯಾ ಕೂಡಿದೆಯಾ ಒಂದು ಸೆಕೆಂಡಲ್ಲಿ ಹೇಳ್ತಾವೆ.

ಎರಡನೇ ಸಲ ಕಾರ್ಡ್ ಮಾಡಿದೆ, ಅಕ್ಷರ ಸರಿ ಬಂದವು, ಮಾತು ಕೈಕೊಟ್ಟಿತು. ಉಚ್ಚಾರದ ಭಾಗಕ್ಕೆ ಬಹಳ ಶ್ರಮ ಹಾಕಿದ್ದೆ, ಕನ್ನಡ ಲಿಪೀಲಿ ಹ್ರಸ್ವ ದೀರ್ಘ ಒತ್ತು ಎಲ್ಲಾ ಇದೆಯಲ್ಲ, ಅರಬಿಗೆ ಹೇಳಿ ಮಾಡಿಸಿದ ಹಂಗಿದೆ ಅನ್ಕೊಂಡಿದ್ದೆ. ಅರ್ಧ ನಿಜನೇ. ಹಮ್ಮಾಮ್ ಅಂದ್ರೆ ಪಾಯಿಖಾನೆ, ಹಮಾಮ್ ಅಂದ್ರೆ ಪಾರಿವಾಳ, ಮಕ್ಕಾದಲ್ಲಿ ಎರಡೂ ಬೇಕಾದಷ್ಟಿವೆ, ಕನ್ನಡದಲ್ಲಿ ಒಂದು ಒತ್ತಕ್ಷರ ಹಾಕಿದ್ರೆ ಮುಗೀತು. ಬಾಸ್ ಅಂತ ಎಳೆದು ಹೇಳಿದ್ರೆ ಅವರಿಗೆ ಬಸ್ಸು, ನಮ್ ತರ ಬಸ್ ಅಂದ್ರೆ "ಸಾಕು" ಅಂತ ಅರ್ಥ. ನಮ್ಮ ಅಜ್ಜಿಯೊಬ್ಬಳು ಕೈ ಮಾಡಿ ಬಸ್ ಬಸ್ ಅಂದದ್ದಕ್ಕೆ ಲೈನ್ ಬಿಡೋನು ಅವಳನ್ನ ಬಿಟ್ಟು ಮುಂದಿನವರನ್ನ ಹತ್ತಿಸಿದ್ದ. ಇಷ್ಟು ಕನ್ನಡ ಲಿಪೀಲಿ ಸರಿ ಮಾಡಬಹುದು. ಆದ್ರೆ ಹೃದಯಕ್ಕೆ ಅವರು ಗಂಟಲಿನ ತಳದಿಂದ ಬರೋ ಕ ಹಾಕಿ ಹೇಳ್ತಾರೆ, ನಮ್ಮಲ್ಲಿ ಆ ಅಕ್ಷರ ಇಲ್ಲ, ಕಲ್ಬ್ ಅಂತ ಬರೆದೆ, ಅದು ನಾಯಿ ಆಯ್ತು! ಜೆಡ್ಡಾದಲ್ಲಿ ಹದಿನಾಲ್ಕು ವರ್ಷ ಗಾಡಿ ಓಡಿಸಿ ಬಂದ ನಮ್ ತಾಲೂಕಿನ ಒಬ್ಬರು ಇದಕ್ಕೆ ದಾರಿ ಹೇಳಿಕೊಟ್ರು: ಆ ಕಡೆ ಮಂದಿ ಮಾತಾಡುವಾಗ ಆ ಕ ಗ ಆಗುತ್ತೆ, ಗಲ್ಬ್ ಅಂತಲೇ ಬರೀರಿ ಅಂದ್ರು. ಅಲ್ಲಿಗೆ ನಾಯಿ ಕಾಟ ತಪ್ಪಿತು.

ಅನುವಾದ ಮೊದಲು ಮಾಡಿಕೊಟ್ಟೋರು ಮದರಸಾದ ಮೌಲಾನಾ, ಒಳ್ಳೇ ವಿದ್ವಾಂಸರು, ಒಂದು ಪೈಸಾ ತಗೊಂಡಿಲ್ಲ. ಆದ್ರೆ ಅವರದ್ದು ಕಿತಾಬಿನ ಅರಬಿ, ರೂಮ್‌ಗೆ ಹುಜ್ರಾ ಅಂತ ಬರೆದಿದ್ರು, ಹೋಟೆಲ್‌ನಲ್ಲಿ ಗುರ್ಫಾ ಅಂತಾರೆ. ಜೆಡ್ಡಾದವರು ಕೂತು ಒಂದೊಂದೇ ಬದಲಿಸಿದ್ರು. ನೀರಿಗೆ ಮೋಯಾ, ಎಲ್ಲಿ ಅನ್ನೋಕೆ ಫೇನ್, ಬೇಕು ಅನ್ನೋಕೆ ಅಬ್ಗಾ. ಎಸಿ ಕೆಟ್ಟಿದೆ ಅನ್ನೋದು ಬಲು ಸುಲಭ, ಮುಕಯ್ಯಿಫ್ ಖರ್ಬಾನ್, ನಮ್ ಖರಾಬ್ ಗೊತ್ತಿದ್ದೋರಿಗೆ ಅದು ತಾನೇ ಬಾಯಿಗೆ ಬರುತ್ತೆ.

ಇನ್ನೊಂದು ತೊಡಕು ಗಂಡು-ಹೆಣ್ಣಿನದ್ದು. ನಾನು ಹುಷಾರಿಲ್ಲ ಅನ್ನೋಕೆ ಗಂಡಸಿಗೆ ಮರೀದ್, ಹೆಂಗಸಿಗೆ ಮರೀದಾ, ಹಿಂಗೆ ಪ್ರತಿ ವಾಕ್ಯ ಎರಡೆರಡು ಬರೆದ್ರೆ ಕಾರ್ಡ್‌ನಲ್ಲಿ ಜಾಗ ಎಲ್ಲಿ? ಎಲ್ಲವನ್ನೂ "ಇಂದೀ" ಮತ್ತೆ "ಅಬ್ಗಾ" ಮೇಲೆ ಕಟ್ಟಿದೆ. ಇಂದೀ ಅಂದ್ರೆ ನನಗೆ ಇದೆ. ಇಂದೀ ದೌಖಾ, ತಲೆ ಸುತ್ತು. ಇಂದೀ ಇಸ್‌ಹಾಲ್, ಭೇದಿ. ಅಬ್ಗಾ ದವಾ, ಔಷಧಿ ಬೇಕು. ಯಾರು ಹೇಳಿದ್ರೂ ಒಂದೇ ರೂಪ. ನೂರಾ ನಲವತ್ತು ವಾಕ್ಯ ಇಪ್ಪತ್ತಾರಕ್ಕೆ ಇಳಿದದ್ದು ಹಿಂಗೆ.

ಅನುವಾದ ಸರಿ ಇದೆಯಾ ಅಂತ ನೋಡೋಕೆ ಕನ್ನಡ ಭಾಗ ಮುಚ್ಚಿ ಬರೀ ಅರಬಿನ ಗಲ್ಫ್‌ನಲ್ಲಿದ್ದ ಇನ್ನೊಬ್ಬರ ಕೈಗೆ ಕೊಟ್ಟು, ಇದ್ರಲ್ಲಿ ಏನಿದೆ ಹೇಳಿ ಅಂತ ಕೇಳಿದೆ. "ನೀರು ಬರ್ತಿಲ್ಲ" ಅಂದದ್ದು ನೀರಿನ ಬಾಟಲಿ ಬಂದಿಲ್ಲ ಅಂತ ವಾಪಸ್ ಬಂತು, ನಲ್ಲಿ ಅನ್ನೋದನ್ನ ನಾನೇ ಬಿಟ್ಟಿದ್ದೆ. "ಎದೆ ಉರಿ" ಅಂದದ್ದು ಎದೆ ಒಳಗೆ ಬೆಂಕಿ ಅಂತ ಬಂತು. ಇದು ಸಣ್ಣ ತಪ್ಪಲ್ಲ, ಅಸಿಡಿಟಿ ಆದೋನನ್ನ ಆಂಬುಲೆನ್ಸ್‌ಗೆ ಹಾಕ್ತಾರೆ, ಇಲ್ಲಾ ಎದೆ ನೋವಿನೋನಿಗೆ ಗ್ಯಾಸ್ ಮಾತ್ರೆ ಕೊಟ್ಟು ಕಳಿಸ್ತಾರೆ. ಎದೆ ಉರಿ ಕಿತ್ತೇ ಹಾಕಿದೆ, ಎದೆ ನೋವು ಒಂದೇ ಉಳಿಸಿದೆ, ಕೆಂಪು ಪಟ್ಟೀಲಿ, ಎಲ್ಲಕ್ಕಿಂತ ಮೇಲೆ. ಪಕ್ಕದಲ್ಲೇ 997, ಅದು ಅಲ್ಲಿನ ರೆಡ್ ಕ್ರೆಸೆಂಟ್ ಆಂಬುಲೆನ್ಸ್, ಮತ್ತೆ ಮಕ್ಕಾ ಕಡೆ ಎಲ್ಲಕ್ಕೂ ನಡೆಯೋ 911.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. ಎರಡನೇ ಸಲದ ಕಾರ್ಡ್‌ನಲ್ಲಿ "ಇಂದೀ ಸುಕ್ಕರ್", ನನಗೆ ಶುಗರ್ ಇದೆ, ಅಂತ ಮಾತ್ರ ಇತ್ತು. ನಮ್ ಗುಂಪಿನ ಒಬ್ಬ ಕಾಕಾ, ಅರವತ್ತೈದರ ಹತ್ರ, ಇನ್ಸುಲಿನ್ ತಗೊಳ್ಳೋರು. ಬೆಳಿಗ್ಗೆ ಇಂಜೆಕ್ಷನ್ ಮಾಡ್ಕೊಂಡು, ಸರಿಯಾಗಿ ತಿನ್ನದೆ ತವಾಫ್ ಮುಗಿಸಿ ಸಯೀಗೆ ಹೋದ್ರು. ಸಯೀ ಒಂದೇ ಮೂರು ಕಿಲೋಮೀಟರ್ ಮೇಲಾಗುತ್ತೆ. ಮರ್ವಾ ಹತ್ರ ಬೆವರು ಸುರಿದು ಕೈ ನಡುಗಿ ಕೂತುಬಿಟ್ರು. ಪಕ್ಕದ ಹುಡುಗ ಪಾಪ ಜ್ಯೂಸ್ ಡಬ್ಬಿ ತೆಗೆದಿದ್ದ, ಇವರು ಕಾರ್ಡ್ ತೋರಿಸಿದ್ರು, ಅವನು ಶುಗರ್ ಅಂತ ಓದಿ ಜ್ಯೂಸ್ ಒಳಗಿಟ್ಟು ಬರೀ ಜಮ್‌ಜಮ್ ನೀರು ಕೊಟ್ಟ. ಸಿಹಿ ಬೇಕಾದ ಹೊತ್ತಲ್ಲಿ ನನ್ನ ಕಾರ್ಡೇ ಸಿಹಿ ತಪ್ಪಿಸಿತು. ನಮ್ಮೋರು ಹುಡುಕಿಕೊಂಡು ಬಂದು ಖರ್ಜೂರ ಬಾಯಿಗಿಡೋ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು, ಅಲ್ಲಾಹನ ದಯೆ ಅವರು ಉಳಿದ್ರು. ಈಗಿನ ಕಾರ್ಡ್‌ನಲ್ಲಿ ಎರಡು ಬೇರೆ ಸಾಲಿವೆ. ಒಂದು ಶುಗರ್ ಕಾಯಿಲೆ ಇದೆ, ಇನ್ನೊಂದು "ಇಂದೀ ಹುಬೂತ್ ಸುಕ್ಕರ್, ಅಬ್ಗಾ ಅಸೀರ್", ಶುಗರ್ ಇಳಿದಿದೆ, ಜ್ಯೂಸ್ ಬೇಕು. ಎರಡನೇದರ ಪಕ್ಕ ಜ್ಯೂಸ್ ಲೋಟದ ಚಿತ್ರ, ನಡುಗುವಾಗ ಅಕ್ಷರ ಕಾಣಲ್ಲ, ಬೆರಳು ಚಿತ್ರದ ಮೇಲೆ ಹೋಗುತ್ತೆ. ಹೋದ ಸೀಸನ್‌ನಲ್ಲಿ ಕೊಪ್ಪಳ ಕಡೆಯ ಒಬ್ಬರಿಗೆ ಹಿಂಗೇ ಆಯ್ತು, ತೋರಿಸಿದ ಎರಡು ನಿಮಿಷದಲ್ಲಿ ಕೈಗೆ ಜ್ಯೂಸ್ ಬಂತು, ಗಾರ್ಡ್ ಬಂದು ಕ್ಲಿನಿಕ್‌ಗೂ ಕರ್ಕೊಂಡು ಹೋದ.

ತಗೊಳ್ಳೋ ಮಾತ್ರೆಗಳನ್ನ ಮಾತ್ರ ಅರಬೀಲಿ ಬರೀಬೇಡಿ. ಅಲ್ಲಿ ಡಾಕ್ಟರ್‌ಗಳ ಕೆಲಸ ಇಂಗ್ಲಿಷ್‌ನಲ್ಲೇ ನಡೆಯುತ್ತೆ. ಹಿಂದೆ ಖಾಲಿ ಚೌಕ ಬಿಟ್ಟು, ಮಾತ್ರೆಯ ಕಂಪನಿ ಹೆಸರು ಬಿಟ್ಟು ಒಳಗಿನ ಔಷಧಿ ಹೆಸರು, ಎಷ್ಟು ಎಂಜಿ, ದಿನಕ್ಕೆಷ್ಟು ಸಲ, ಇದನ್ನ ಊರ ಡಾಕ್ಟರ್ ಹತ್ರ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿ. ನಮ್ಮ ಕಂಪನಿ ಹೆಸರು ಅಲ್ಲಿನ ಮೆಡಿಕಲ್ ಶಾಪ್‌ನಲ್ಲಿ ಗೊತ್ತಿರಲ್ಲ.

ವಸತಿ ಭಾಗ ಬಹಳ ಕಡಿಮೆ ಮಾಡಿದೆ, ಟೂರ್‌ನವರು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಬೀಗದ ಕೈ, ಲಿಫ್ಟ್, ಎಸಿ, ನಲ್ಲಿ ನೀರು, ಪಾಯಿಖಾನೆ, ಕೆಳಗಿನ ಮಹಡಿ, ಅಷ್ಟೇ. ವಸತಿಲಿ ನಿಜವಾಗಿ ಬೇಕಾದದ್ದು ದಾರಿ ತಪ್ಪಿದಾಗ. ಹಜ್ ಕಮಿಟಿಯಿಂದ ಹೋದೋರಿಗೆ ಕೈಗೆ ಸ್ಟೀಲ್ ಕಡಗ ಇರುತ್ತೆ, ಉಮ್ರಾ ಗುಂಪಿಗೆ ಅದು ಇಲ್ಲ. ಅದಕ್ಕೆ "ನನ್ನನ್ನ ಈ ವಿಳಾಸಕ್ಕೆ ಮುಟ್ಟಿಸಿ" ಅಂತ ಮೇಲೆ ಅರಬೀಲಿ ಬರೆದು ಕೆಳಗೆ ಜಾಗ ಬಿಟ್ಟಿದೀನಿ, ಹೋಟೆಲ್ ಸಿಕ್ಕ ದಿನವೇ ರಿಸೆಪ್ಷನ್‌ನೋನ ಕೈಯಲ್ಲೇ ಅರಬೀಲಿ ಬರೆಸಬೇಕು, ಬಡಾವಣೆ ಹೆಸರು ಸೇರಿಸಿ. ನಾವೇ ಊರಲ್ಲಿ ಕೂತು ಹೋಟೆಲ್ ಹೆಸರು ಅರಬಿ ಮಾಡಿದ್ದು ಎರಡು ಸಲ ತಪ್ಪು ಹೋಟೆಲ್‌ಗೆ ಕರ್ಕೊಂಡು ಹೋಯ್ತು.

ಆಮೇಲೆ ಉತ್ತರದ ಸಮಸ್ಯೆ, ಇದನ್ನ ಯಾರ ಕಾರ್ಡ್‌ನಲ್ಲೂ ನಾ ನೋಡಿಲ್ಲ. ಎಷ್ಟು ದುಡ್ಡು ಅಂತ ಕೇಳೋದು ಕಲಿಸ್ತೀವಿ, ಅವನು ಹೇಳಿದ್ದು ಅರ್ಥ ಆಗಬೇಕಲ್ಲ? ಕಾರ್ಡಿನ ಒಂದು ಮಗ್ಗುಲು ಪೂರ್ತಿ ಅವರಿಗೆ ಕೊಟ್ಟೆ. ಮೇಲೆ ಅರಬೀಲಿ "ದಯವಿಟ್ಟು ಬೆರಳಿಟ್ಟು ಉತ್ತರ ತೋರಿಸಿ", ಕೆಳಗೆ ಹೌದು, ಇಲ್ಲ, ಎಡ, ಬಲ, ಇಲ್ಲೇ ಕಾಯಿ, ಮತ್ತೆ ಅಂಕಿಗಳು, ಅವರ ಲಿಪಿಯದ್ದೂ ನಮ್ಮದೂ ಜೋಡಿ ಜೋಡಿ. ಅವರ ಐದು ನಮ್ ಸೊನ್ನೆ ತರ ಗುಂಡಗಿರುತ್ತೆ, ಅವರ ಸೊನ್ನೆ ಬರೀ ಚುಕ್ಕೆ, ಅವರ ಆರು ಇಂಗ್ಲಿಷ್ ಏಳಿನ ತರ ಕಾಣುತ್ತೆ. ಹದಿನೈದು ರಿಯಾಲ್ ಅಂತ ಬರೆದದ್ದನ್ನ ನಮ್ಮೋರು ಹತ್ತು ಅಂತ ಓದಿ ಜಗಳ ಆಡಿದ್ದು ನಾನೇ ಕಂಡಿದೀನಿ.

ನಡುವೆ ಕ್ಯೂಆರ್ ಹಾಕಿ ಆಡಿಯೋನೂ ಮಾಡಿ ನೋಡಿದೆ, ನನ್ನ ಮಗಳ ದನಿಯಲ್ಲಿ. ಹಿರಿಯರ ಕೈಲಿ ಕೀಪ್ಯಾಡ್ ಫೋನು, ಇದ್ದೋರಿಗೆ ನೆಟ್ ಇಲ್ಲ, ಒಬ್ಬರೂ ಬಳಸಲಿಲ್ಲ. ಮಂಗಳೂರು ಕಡೆ ಐವತ್ತು ಕಾರ್ಡ್ ಕಳಿಸಿದ್ದೆ, ಬ್ಯಾರಿ ಆಡೋರು ಆದ್ರೂ ಕನ್ನಡ ಓದ್ತಾರೆ, ಅಲ್ಲಿ ಚೆನ್ನಾಗಿ ನಡೀತು.

ಮಿರಮಿರ ಲ್ಯಾಮಿನೇಷನ್ ಮಾಡಬೇಡಿ, ಅಲ್ಲಿನ ಬಿಸಿಲಿಗೆ ಹೊಳೆದು ಏನೂ ಕಾಣಲ್ಲ, ಮ್ಯಾಟ್ ಹಾಕಿ. ಇಹ್ರಾಮ್‌ನಲ್ಲಿ ಜೇಬಿಲ್ಲ, ಕೊರಳ ಚೀಲಕ್ಕೆ ಹಿಡಿಯೋ ಅಳತೆ ಇರಲಿ, ಮಡಿಚಿದಾಗ ಅಂಗೈ ಅಷ್ಟು. ಮಡಿಕೆ ಹತ್ರ ಲ್ಯಾಮಿನೇಷನ್ ಕಿತ್ತು ಬಂದು ಬೆವರು ಒಳಗೆ ಹೋಗದ ಹಂಗೆ ಮಾಡೋದಕ್ಕೆ ಒಂದು ಉಪಾಯ ಇದೆ, ಅದು ನಮ್ ಅಂಗಡಿ ವಿದ್ಯೆ, ಇಲ್ಲಿ ಹೇಳಲ್ಲ. 200 ಮಾಡಿಸಿದ್ರೆ ಒಂದಕ್ಕೆ ಹದಿನೆಂಟು ಇಪ್ಪತ್ತು ಬೀಳುತ್ತೆ, ಮೂವತ್ತಕ್ಕೆ ಕೊಡ್ತೀನಿ, ಆಗದವರಿಗೆ ಹಂಗೇ ಕೊಡ್ತೀನಿ. ಹಳೇ ನಷ್ಟ ಇನ್ನೂ ಪೂರ್ತಿ ತೀರಿಲ್ಲ.

ಹೋದ ತಿಂಗಳು ಮುಂಡರಗಿ ಕಡೆಯ ಒಬ್ಬ ತಾಯಿ ಉಮ್ರಾದಿಂದ ಬಂದು ಕಾರ್ಡ್ ವಾಪಸ್ ತಂದುಕೊಟ್ರು, ಖಾಲಿ ಜಾಗದಲ್ಲಿ ಪೆನ್ನಿಂದ "ಗಾಲಿ ಕುರ್ಚಿ ಬೇಕು ಅನ್ನೋದು ಇದರಾಗ ಇಲ್ಲ" ಅಂತ ಬರೆದಿದ್ರು. ಈಗ ಪ್ರೆಸ್‌ಗೆ ಹೋಗಿರೋದರಲ್ಲಿ ಅದು ಇಪ್ಪತ್ತೇಳನೇ ಸಾಲು.