ಉತ್ತರ ತಪ್ಪಿದರೂ ಅಂಕ ಉಳಿಸುವುದು ಹೇಗೆ? ವಿದ್ಯುನ್ಮಂಡಲದ ಲೆಕ್ಕ ಕಲಿಸುವವರಿಗೊಂದು ಪತ್ರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಭೌತಶಾಸ್ತ್ರ ಉಪನ್ಯಾಸಕ ಮಿತ್ರರಿಗೆ ನಮಸ್ಕಾರಗಳು.

ಮೌಲ್ಯಮಾಪನದ ಮೇಜಿನಲ್ಲಿ ನನಗೆ ಪದೇ ಪದೇ ಎದುರಾಗುವ ಪುಟವೊಂದಿದೆ. ಸಮೀಕರಣಗಳೆಲ್ಲ ಸರಿ. ಆದರೆ ಪ್ರವಾಹದ ಬೆಲೆ ಋಣವಾಗಿ ಬಂತೆಂದು ಹೆದರಿದ ವಿದ್ಯಾರ್ಥಿ ಎಲ್ಲದರ ಮೇಲೂ ಅಡ್ಡಗೀಟು ಎಳೆದಿರುತ್ತಾನೆ. ತಾನೇ ಹೊಡೆದುಹಾಕಿದ್ದಕ್ಕೆ ಅಂಕ ಕೊಡುವುದು ಕಷ್ಟ. ಹಾಗಾಗದಂತೆ ಕಲಿಸುವ ಕ್ರಮವನ್ನು ಒಂದೇ ಲೆಕ್ಕದ ಮೂಲಕ ಹೇಳುತ್ತೇನೆ.

6 ವೋಲ್ಟ್ ಮತ್ತು 1 ಓಮ್ ಆಂತರಿಕ ರೋಧದ ಒಂದು ಕೋಶ. 4 ವೋಲ್ಟ್ ಮತ್ತು 2 ಓಮ್ ಆಂತರಿಕ ರೋಧದ ಇನ್ನೊಂದು. ಎರಡರ ಧನ ತುದಿಗಳನ್ನು ಒಂದು ಕಡೆ, ಋಣ ತುದಿಗಳನ್ನು ಇನ್ನೊಂದು ಕಡೆ ಸೇರಿಸಿ, ಅಡ್ಡಲಾಗಿ 6 ಓಮ್ ರೋಧಕ ಜೋಡಿಸಿದೆ. ಕಿರ್ಚಾಫ್ ನಿಯಮ ಬಳಸಿ ರೋಧಕದ ಪ್ರವಾಹ ಕಂಡುಹಿಡಿಯಬೇಕು. ಐದು ಅಂಕವನ್ನು ಹೀಗೆ ಹಂಚೋಣ: ಬಾಣದ ಗುರುತಿರುವ ಚಿತ್ರ ಮತ್ತು ಸಂಧಿಯ ಸಮೀಕರಣಕ್ಕೆ ಒಂದು, ಎರಡು ಲೂಪ್‌ಗಳಿಗೆ ಒಂದೊಂದು, ಬಿಡಿಸಿದ್ದಕ್ಕೆ ಒಂದು, ಏಕಮಾನ ಸಹಿತ ಉತ್ತರಕ್ಕೆ ಒಂದು. ಆಯಾ ವರ್ಷದ ಅಧಿಕೃತ ಮಾದರಿ ಉತ್ತರದಲ್ಲಿ ಹಂಚಿಕೆ ಬೇರೆ ಇದ್ದರೆ ಅದೇ ಅಂತಿಮ.

ಮೊದಲು ಚಿತ್ರ. ಎರಡೂ ಕೋಶಗಳ ಧನ ತುದಿಯಿಂದ ಪ್ರವಾಹ ಹೊರಡುತ್ತದೆಂದು ಭಾವಿಸಿ, I₁, I₂ ಎಂದು ಬಾಣ ಹಾಕಿಸಿ. ರೋಧಕದಲ್ಲಿ I = I₁ + I₂.

ಎರಡನೆಯದು ಲೂಪ್. ನೀವು ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಪ್ರತಿ ಲೂಪ್ ಸುತ್ತುವ ದಿಕ್ಕನ್ನು ಚಿತ್ರದ ಮೇಲೆಯೇ ಗುರುತು ಮಾಡಿಸಿ. ಬಾಣದ ದಿಕ್ಕಿನಲ್ಲೇ ರೋಧಕ ದಾಟಿದರೆ ವಿಭವ ಇಳಿಯುತ್ತದೆ, ಎದುರಾಗಿ ದಾಟಿದರೆ ಏರುತ್ತದೆ. ಕೋಶವನ್ನು ಋಣದಿಂದ ಧನಕ್ಕೆ ದಾಟಿದರೆ ಏರಿಕೆ. ಪ್ರತಿ ಪದ ಬರೆಯುವಾಗಲೂ ಬೆರಳು ಚಿತ್ರದ ಮೇಲಿರಲಿ. ಆಗ ಹೀಗೆ ಬರುತ್ತದೆ:

```
6 = 1·I₁ + 6(I₁ + I₂)  →  7I₁ + 6I₂ = 6
4 = 2·I₂ + 6(I₁ + I₂)  →  6I₁ + 8I₂ = 4
```

ಎಡಗಡೆಯ ಸಾಲನ್ನು ಬಿಟ್ಟು ನೇರವಾಗಿ ಬಲಗಡೆಯದನ್ನು ಬರೆಯಲು ಬಿಡಬೇಡಿ. ಅಂಗಡಿಯಲ್ಲಿ ಸಿಗುವ ಹಲವು ಗೈಡುಗಳು ಜಾಗ ಉಳಿಸಲು ಇದನ್ನೇ ಮಾಡುತ್ತವೆ, ಚಿತ್ರವನ್ನೂ ಬಿಡುತ್ತವೆ. ಅಲ್ಲಿ ಒಂದು ಅಂಕಿ ತಪ್ಪಿದರೆ, ನಿಯಮ ಗೊತ್ತಿಲ್ಲದೆ ತಪ್ಪಿತೋ ಕೂಡುವಾಗ ತಪ್ಪಿತೋ ಎಂದು ತಿಳಿಯಲು ನನಗೆ ದಾರಿಯೇ ಇರುವುದಿಲ್ಲ.

ಬಿಡಿಸಿದರೆ I₁ = 1.2 A, I₂ = −0.4 A, I = 0.8 A.

ಈ ಋಣ ಚಿಹ್ನೆಯೇ ಮಕ್ಕಳನ್ನು ಹೆದರಿಸುವುದು. ಸಿಂಧನೂರು, ಗಂಗಾವತಿ ಕಡೆಯ ಮಕ್ಕಳು ಟ್ರ್ಯಾಕ್ಟರಿನ ಸೋತ ಬ್ಯಾಟರಿಗೆ ಚಾರ್ಜ್ ಇರುವ ಬ್ಯಾಟರಿಯ ವೈರು ಜೋಡಿಸುವುದನ್ನು ಕಂಡಿರುತ್ತಾರೆ. ಬಲವಾದ ಬ್ಯಾಟರಿ ಸೋತದ್ದರೊಳಗೆ ಪ್ರವಾಹ ನೂಕುತ್ತದೆ. ಇಲ್ಲಿಯೂ ತುದಿಗಳ ನಡುವಿನ ವಿಭವಾಂತರ 0.8 × 6 = 4.8 ವೋಲ್ಟ್. ಅದು 4 ವೋಲ್ಟ್‌ಗಿಂತ ಹೆಚ್ಚಿರುವುದರಿಂದ ಎರಡನೆಯ ಕೋಶ ಚಾರ್ಜ್ ಆಗುತ್ತಿದೆ. ಋಣ ಚಿಹ್ನೆ ಬಂದರೆ ಅಳಿಸದೆ, ‘ಪ್ರವಾಹ ನಾನು ಊಹಿಸಿದ ದಿಕ್ಕಿಗೆ ವಿರುದ್ಧವಾಗಿದೆ’ ಎಂದು ಒಂದು ಸಾಲು ಬರೆಸಿ. I₂ ಬಾಣವನ್ನು ಮೊದಲೇ ತಿರುಗಿಸಿ ಹಾಕಿ +0.4 ಪಡೆದವನಿಗೂ ಪೂರ್ಣ ಅಂಕ. ಕಪ್ಪುಹಲಗೆಯ ಮೇಲೆ ನೀವು ಹಾಕಿದ ದಿಕ್ಕೇ ಬರಬೇಕೆಂದು ಹಟ ಹಿಡಿಯಬೇಡಿ.

ಈಗ ತಪ್ಪಿದ ಉತ್ತರ. ಒಬ್ಬ ವಿದ್ಯಾರ್ಥಿನಿ ಎರಡನೆಯ ಲೂಪ್‌ನಲ್ಲಿ 2I₂ ಪದಕ್ಕೆ ಋಣ ಚಿಹ್ನೆ ಹಾಕಿದಳೆನ್ನಿ. ಸಮೀಕರಣ 6I₁ + 4I₂ = 4 ಆಗುತ್ತದೆ. ಅದನ್ನು ತಪ್ಪಿಲ್ಲದೆ ಬಿಡಿಸಿ I₁ = 0, I₂ = 1, I = 1 A ಎಂದು ಬರೆದಿದ್ದಾಳೆ. ಆ ಲೂಪ್‌ನ ಒಂದು ಅಂಕ, ಉತ್ತರದ ಒಂದು ಅಂಕ ಹೋಗುತ್ತವೆ. ತನ್ನ ಸಮೀಕರಣಗಳನ್ನು ಸರಿಯಾಗಿ ಬಿಡಿಸಿದ್ದಕ್ಕೆ ಇರುವ ಅಂಕವನ್ನು ನಾನು ಕೊಡುತ್ತೇನೆ. ಒಂದೇ ತಪ್ಪಿಗೆ ಪ್ರತಿ ಸಾಲಿನಲ್ಲೂ ದಂಡ ಹಾಕುವುದು ಅನ್ಯಾಯ. ಅವಳಿಗೆ ಮೂರು. ಏನನ್ನೂ ತೋರಿಸದೆ 0.8 A ಎಂದಷ್ಟೇ ಬರೆದವನಿಗೆ ಒಂದು. ಕಿರು ಪರೀಕ್ಷೆಗಳಲ್ಲಿ ನೀವು ಇದನ್ನು ತಿರುಗಾಮುರುಗಾ ಮಾಡಿದರೆ ಮಕ್ಕಳು ಸಾಲುಗಳನ್ನು ಬರೆಯುವುದನ್ನೇ ಬಿಡುತ್ತಾರೆ.

ಸಮಾನ ಕೋಶದ ಸೂತ್ರದಿಂದಲೂ 0.8 A ಸಿಗುತ್ತದೆ. ಪ್ರಶ್ನೆ ಯಾವ ವಿಧಾನವನ್ನೂ ಹೆಸರಿಸದಿದ್ದರೆ ಅದಕ್ಕೆ ಪೂರ್ಣ ಅಂಕ. ‘ಕಿರ್ಚಾಫ್ ನಿಯಮ ಬಳಸಿ’ ಎಂದಿದ್ದರೆ ಆ ಸೂತ್ರ ತಾಳೆ ನೋಡಲು ಮಾತ್ರ.

ಬಿಡಿಸುವ ಕೆಲಸವೂ ಉತ್ತರದ ಕೆಳಗೇ ಇರಲಿ, ಕೊನೆಯ ಪುಟದ ಕಚ್ಚಾ ಲೆಕ್ಕದಲ್ಲಿ ಬೇಡ.

ಕೊನೆಗೆ ತಾಳೆ. ಆ ವಿದ್ಯಾರ್ಥಿನಿಯ ಲೆಕ್ಕದಲ್ಲಿ ರೋಧಕದ ತುದಿಗಳ ನಡುವೆ 1 × 6 = 6 ವೋಲ್ಟ್ ಇರಬೇಕು. ಎರಡನೆಯ ಕೋಶ 1 A ಕೊಡುತ್ತಿದ್ದರೆ ಅದರ ತುದಿಗಳಲ್ಲಿ ಸಿಗುವುದು 4 − 2 = 2 ವೋಲ್ಟ್. ಒಂದೇ ಎರಡು ಬಿಂದುಗಳ ನಡುವೆ ಎರಡು ಬೆಲೆ ಇರಲಾರವು. ಅರ್ಧ ನಿಮಿಷದ ಈ ಗುಣಾಕಾರ ಅವಳನ್ನು ತಪ್ಪಿದ ಲೂಪ್‌ಗೇ ವಾಪಸು ಕರೆದೊಯ್ಯುತ್ತಿತ್ತು.